ಸೂರ್ಯನಿಗೆ ಒಂದೂವರೆ ಕೋಟಿ ಡಿಗ್ರಿ ಸಾಕು, ನಮಗೆ ಹದಿನೈದು ಕೋಟಿ ಬೇಕು: ಏಕೆ?

2025ರ ಜನವರಿಯಲ್ಲಿ ಚೀನಾದ ಹೆಫೆ ನಗರದಲ್ಲಿರುವ ‘ಈಸ್ಟ್’ ಎಂಬ ಟೋಕಮಾಕ್, ಅಂದರೆ ಪ್ಲಾಸ್ಮಾ ಎಂಬ ಅತಿ ಬಿಸಿ ಅನಿಲವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರ, 10 ಕೋಟಿ ಡಿಗ್ರಿ ಸೆಲ್ಸಿಯಸ್ ಮೀರಿದ ಪ್ಲಾಸ್ಮಾವನ್ನು 1,066 ಸೆಕೆಂಡು ಹಿಡಿದಿಟ್ಟುಕೊಂಡಿತು. ಮರುದಿನ ಎಲ್ಲ ಕಡೆಯೂ ‘ಕೃತಕ ಸೂರ್ಯ’ ಎಂಬ ತಲೆಬರಹ. ಸುದ್ದಿಯ ಕೆಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಇದು ಸೂರ್ಯನ ಗರ್ಭಕ್ಕಿಂತ ಆರೇಳು ಪಟ್ಟು ಬಿಸಿ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ‘ಇಟರ್’ ರಿಯಾಕ್ಟರ್ ಗುರಿಯಿಟ್ಟಿರುವುದು 15 ಕೋಟಿ ಡಿಗ್ರಿಗೆ, ಅಂದರೆ ಹತ್ತು ಪಟ್ಟಿಗೆ. ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಬಾರದು. ಸೂರ್ಯ ಒಂದೂವರೆ ಕೋಟಿ ಡಿಗ್ರಿಯಲ್ಲಿ ಮಾಡುತ್ತಿರುವ ಕೆಲಸಕ್ಕೆ, ಅಂದರೆ ಹಗುರ ಪರಮಾಣು ಬೀಜಗಳನ್ನು ಕೂಡಿಸಿ ಶಕ್ತಿ ಪಡೆಯುವ ಸಮ್ಮಿಲನಕ್ಕೆ, ನಮಗೇಕೆ ಹತ್ತು ಪಟ್ಟು ಶಾಖ ಬೇಕು? ಈ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡದೊಂದು ಅಡಗಿದೆ. ಹಳೆಯ ಭೌತಶಾಸ್ತ್ರದ ಪ್ರಕಾರ ಒಂದೂವರೆ ಕೋಟಿಯೂ ಸಾಲದು, ಹದಿನೈದು ಕೋಟಿಯೂ ಸಾಲದು. ಬೇಕಾದದ್ದು ಸಾವಿರ ಕೋಟಿ ಡಿಗ್ರಿಯ ಆಸುಪಾಸು. ಹಾಗಿದ್ದರೆ ಸೂರ್ಯ ಉರಿಯುತ್ತಿರುವುದಾದರೂ ಹೇಗೆ?

ಮೊದಲು ತಡೆ ಎಷ್ಟು ದೊಡ್ಡದೆಂದು ಅಳೆಯೋಣ. ಸೂರ್ಯನ ಗರ್ಭದಲ್ಲಿ ಹೈಡ್ರೋಜನ್ ಪರಮಾಣುಗಳು ಇಡಿಯಾಗಿ ಉಳಿದಿಲ್ಲ. ಎಲೆಕ್ಟ್ರಾನ್ ಕಳಚಿಕೊಂಡ ಬರೀ ಪ್ರೋಟಾನ್‌ಗಳು ಅಲ್ಲಿ ಓಡಾಡುತ್ತಿವೆ. ಪ್ರೋಟಾನ್‌ಗೆ ಧನ ವಿದ್ಯುದಂಶ. ಎರಡು ಪ್ರೋಟಾನ್ ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ, ದೂರ ಅರ್ಧವಾದರೆ ಅಡ್ಡಿಯ ಶಕ್ತಿ ಎರಡರಷ್ಟಾಗುತ್ತದೆ. ಇದೇ ಕೂಲಂಬ್ ತಡೆ. ಆದರೆ ಎರಡರ ನಡುವಿನ ಅಂತರ ಸುಮಾರು 2 ಫೆಮ್ಟೊಮೀಟರಿಗೆ ಇಳಿದರೆ ಆಟ ಬದಲಾಗುತ್ತದೆ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಸಿಗುವ ತುಣುಕು ಒಂದು ಫೆಮ್ಟೊಮೀಟರ್. ಅಷ್ಟು ಹತ್ತಿರದಲ್ಲಿ ಬೈಜಿಕ ಬಲ ಕೈಹಾಕುತ್ತದೆ. ಅದು ಎಳೆಯುವ ಬಲ, ವಿದ್ಯುತ್ತಿನ ದೂಡುವಿಕೆಗಿಂತ ಬಹಳ ಪ್ರಬಲ, ಆದರೆ ಅದರ ತೋಳು ತೀರಾ ಗಿಡ್ಡ. ಬೆಟ್ಟದ ನೆತ್ತಿಯಲ್ಲಿ ಆಳವಾದೊಂದು ಬಾವಿ ಇದೆ ಎಂದುಕೊಳ್ಳಿ. ಬಾವಿಗೆ ಬಿದ್ದರೆ ಲಾಭವೇ, ಆದರೆ ಬೀಳಬೇಕಾದರೆ ಬೆಟ್ಟ ಹತ್ತಲೇಬೇಕು.

ಬೆಟ್ಟದ ಎತ್ತರ ಎಷ್ಟು? 2 ಫೆಮ್ಟೊಮೀಟರ್ ದೂರದಲ್ಲಿ ಎರಡು ಪ್ರೋಟಾನ್‌ಗಳ ಅಡ್ಡಿಯ ಶಕ್ತಿ ಸುಮಾರು 720 ಕಿಲೊ ಎಲೆಕ್ಟ್ರಾನ್‌ವೋಲ್ಟ್. ಕಣಗಳ ಶಕ್ತಿಯನ್ನು ಅಳೆಯುವ ಈ ಮಾನವನ್ನು ಮುಂದೆ ಕೆಇವಿ ಎನ್ನುತ್ತೇನೆ. ಇನ್ನು ಹತ್ತುವವರ ಕಾಲಲ್ಲಿ ಎಷ್ಟು ಬಲವಿದೆ ನೋಡಿ. ಸೂರ್ಯನ ನಡುವಿನ ತಾಪ ಸುಮಾರು 1.57 ಕೋಟಿ ಕೆಲ್ವಿನ್. ಆ ತಾಪದಲ್ಲಿ ಕಣವೊಂದರ ಸರಾಸರಿ ಚಲನಶಕ್ತಿ ಸುಮಾರು 2 ಕೆಇವಿ. ಬೇಕಾದದ್ದು 720, ಇರುವುದು 2.

ಸರಾಸರಿ ಬಿಡಿ, ಕೆಲವು ಕಣಗಳಾದರೂ ಅತಿ ವೇಗದಲ್ಲಿ ಓಡುತ್ತಿರಬೇಕಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಿಸಿ ಅನಿಲದಲ್ಲಿ ಎಲ್ಲ ಕಣಗಳ ವೇಗ ಒಂದೇ ಇರುವುದಿಲ್ಲ, ಸರಾಸರಿಗಿಂತ ಬಹಳ ಮುಂದಿರುವವೂ ಇರುತ್ತವೆ. ಆದರೆ ಮುಂದೆ ಹೋದಂತೆ ಅವುಗಳ ಸಂಖ್ಯೆ ಘಾತೀಯವಾಗಿ ಕುಸಿಯುತ್ತದೆ. 720 ಕೆಇವಿ ಇರುವ ಜೋಡಿ ಸಿಗುವ ಸಂಭವ ಎಷ್ಟೆಂದು ಲೆಕ್ಕ ಹಾಕಿದರೆ ದಶಮಾಂಶ ಬಿಂದುವಿನ ಮುಂದೆ 230ಕ್ಕೂ ಹೆಚ್ಚು ಸೊನ್ನೆ ಬರೆದು ಆಮೇಲೆ ಒಂದು ಅಂಕಿ ಬರೆಯಬೇಕಾಗುತ್ತದೆ. ಇಡೀ ಸೂರ್ಯನಲ್ಲಿರುವ ಪ್ರೋಟಾನ್‌ಗಳು 1ರ ಮುಂದೆ 57 ಸೊನ್ನೆಯಷ್ಟು. ಸೂರ್ಯನ ವಯಸ್ಸನ್ನು ಸೆಕೆಂಡಿನಲ್ಲಿ ಹೇಳಿದರೆ 1ರ ಮುಂದೆ 17 ಸೊನ್ನೆ. ಪ್ರತಿ ಪ್ರೋಟಾನ್ ಸೆಕೆಂಡಿಗೆ ಎಷ್ಟು ಕೋಟಿ ಕೋಟಿ ಸಲ ಡಿಕ್ಕಿ ಹೊಡೆದರೂ ಇವೆಲ್ಲವನ್ನೂ ಗುಣಿಸಿ 230 ಸೊನ್ನೆಗಳ ಹತ್ತಿರಕ್ಕೂ ಹೋಗಲಾಗದು. ಅಂದರೆ ಸೂರ್ಯ ಹುಟ್ಟಿದಂದಿನಿಂದ ಇಂದಿನವರೆಗೆ ಒಂದೇ ಒಂದು ಜೋಡಿ ಪ್ರೋಟಾನ್ ಕೂಡ ಈ ಬೆಟ್ಟ ಹತ್ತಿ ಆಚೆ ಹೋಗಿಲ್ಲ.

1920ರ ದಶಕದಲ್ಲಿ ಇದು ಬರೀ ಒಗಟಾಗಿರಲಿಲ್ಲ, ಜಗಳವಾಗಿತ್ತು. ಬ್ರಿಟಿಷ್ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ 1920ರಲ್ಲಿ ಕಾರ್ಡಿಫ್‌ನಲ್ಲಿ ಮಾಡಿದ ಭಾಷಣದಲ್ಲಿ, ನಾಲ್ಕು ಹೈಡ್ರೋಜನ್ ಕೂಡಿ ಒಂದು ಹೀಲಿಯಂ ಆಗುವಾಗ ಕಾಣೆಯಾಗುವ ಶೇಕಡಾ 0.7ರಷ್ಟು ದ್ರವ್ಯರಾಶಿಯೇ ನಕ್ಷತ್ರಗಳ ಶಕ್ತಿಯ ಮೂಲವಾಗಿರಬಹುದು ಎಂದು ಸೂಚಿಸಿದ್ದರು. ಅವರ ಕೈಯಲ್ಲಿ ಫ್ರಾನ್ಸಿಸ್ ಆಸ್ಟನ್ ಮಾಡಿದ ಪರಮಾಣು ತೂಕದ ನಿಖರ ಅಳತೆಗಳಿದ್ದವು. ಬೇರೆ ದಾರಿಯೂ ಕಾಣುತ್ತಿರಲಿಲ್ಲ. ಸೂರ್ಯ ತನ್ನ ಗುರುತ್ವದಲ್ಲೇ ಕುಗ್ಗುತ್ತ ಶಾಖ ಬಿಡುತ್ತಿದ್ದಾನೆ ಎಂದುಕೊಂಡರೆ ಆ ಬಂಡವಾಳ ಮೂರು ಕೋಟಿ ವರ್ಷಗಳಿಗೆ ಮುಗಿಯುತ್ತದೆ, ಭೂಮಿಯ ಬಂಡೆಗಳೋ ಅದಕ್ಕಿಂತ ಎಷ್ಟೋ ಹಳೆಯವು. ಆದರೂ ವಿಮರ್ಶಕರು ಕೂಲಂಬ್ ತಡೆಯನ್ನು ಮುಂದಿಟ್ಟು ನಕ್ಷತ್ರಗಳ ಒಡಲು ಇದಕ್ಕೆ ಸಾಲುವಷ್ಟು ಬಿಸಿಯಿಲ್ಲ ಎಂದರು. ಆಗಿನ ಅಂದಾಜು ಸುಮಾರು 4 ಕೋಟಿ ಡಿಗ್ರಿ ಇತ್ತು, ಅದೂ ಸಾಲದು. ಎಡಿಂಗ್ಟನ್ ಜಗ್ಗಲಿಲ್ಲ. ಹಾಗಾದರೆ ಇದಕ್ಕಿಂತ ಬಿಸಿಯಾದ ಜಾಗವೊಂದನ್ನು ಹೋಗಿ ಹುಡುಕಿಕೊಳ್ಳಿ ಎಂಬ ಅರ್ಥದ ಉತ್ತರ ಕೊಟ್ಟರು. ಹೀಲಿಯಂ ಇದೆ, ಅದು ಎಲ್ಲೋ ಒಂದು ಕಡೆ ಆಗಿಯೇ ಇರಬೇಕು ಎಂಬುದು ಅವರ ವಾದ. ಆ ಕ್ಷಣದಲ್ಲಿ ಲೆಕ್ಕ ವಿಮರ್ಶಕರ ಪರವಾಗಿತ್ತು, ಸತ್ಯ ಎಡಿಂಗ್ಟನ್ ಪರವಾಗಿತ್ತು.

ಉತ್ತರ ಬಂದದ್ದು ನಕ್ಷತ್ರಗಳಿಂದಲ್ಲ, ಯುರೇನಿಯಂನಿಂದ. ಅಲ್ಲಿ ಇದೇ ಒಗಟು ತಲೆಕೆಳಗಾಗಿ ನಿಂತಿತ್ತು. ಯುರೇನಿಯಂ 238ರ ಬೀಜದಿಂದ ಹೊರಬರುವ ಆಲ್ಫಾ ಕಣದ ಶಕ್ತಿ ಸುಮಾರು 4,200 ಕೆಇವಿ. ಆದರೆ ಆ ಬೀಜದ ಸುತ್ತಲಿನ ಕೂಲಂಬ್ ಬೆಟ್ಟದ ಎತ್ತರ ಸುಮಾರು 30,000 ಕೆಇವಿ. ಹೊರಬರುವ ಕಣದ ಹೆಚ್ಚೂಕಡಿಮೆ ಎರಡು ಪಟ್ಟು ಶಕ್ತಿಯ ಆಲ್ಫಾ ಕಣಗಳನ್ನು ರುದರ್ಫರ್ಡ್ ಹೊರಗಿನಿಂದ ಯುರೇನಿಯಂ ಮೇಲೆ ಹಾಯಿಸಿ ನೋಡಿದರೆ ಅವು ಬೀಜವನ್ನು ಮುಟ್ಟಲಾಗದೆ ಹಿಂದಕ್ಕೆ ಚಿಮ್ಮುತ್ತಿದ್ದವು. ಹೊರಗಿನಿಂದ ಹೆಚ್ಚು ಶಕ್ತಿಯಿದ್ದರೂ ಒಳಗೆ ಹೋಗಲಾಗದ ಗೋಡೆಯನ್ನು ಒಳಗಿನ ಕಣ ಕಡಿಮೆ ಶಕ್ತಿಯಲ್ಲಿ ದಾಟಿ ಬರುವುದು ಹೇಗೆ? 1928ರಲ್ಲಿ ಜಾರ್ಜ್ ಗ್ಯಾಮೊವ್ ಒಂದು ಕಡೆ, ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಇನ್ನೊಂದು ಕಡೆ, ಪರಸ್ಪರ ಗೊತ್ತಿಲ್ಲದೆ ಒಂದೇ ಉತ್ತರ ಕಂಡುಕೊಂಡರು. ಆಗಷ್ಟೇ ಎರಡು ವರ್ಷ ತುಂಬಿದ್ದ ಶ್ರೋಡಿಂಗರ್ ಸಮೀಕರಣದಲ್ಲೇ ಉತ್ತರ ಅಡಗಿತ್ತು.

ಆ ಉತ್ತರಕ್ಕೆ ಟನೆಲಿಂಗ್ ಎಂದು ಹೆಸರು, ಕನ್ನಡದಲ್ಲಿ ಸುರಂಗೀಕರಣ ಎಂದೂ ಬರೆಯುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಯಾರೂ ಏನನ್ನೂ ಕೊರೆಯುವುದಿಲ್ಲ. ಕ್ವಾಂಟಮ್ ಲೆಕ್ಕದಲ್ಲಿ ಪ್ರೋಟಾನ್ ಒಂದು ಗುಂಡಲ್ಲ, ಅದು ಎಲ್ಲೆಲ್ಲಿ ಎಷ್ಟೆಷ್ಟು ಸಂಭವದಲ್ಲಿ ಸಿಗಬಹುದೆಂದು ಹೇಳುವ ಅಲೆ ಅದಕ್ಕಿದೆ. ಆ ಅಲೆ ಬೆಟ್ಟದ ಇಳಿಜಾರಿಗೆ ಬಂದಾಗ ಗೆರೆ ಎಳೆದಂತೆ ನಿಂತುಬಿಡುವುದಿಲ್ಲ. ಹಳೆಯ ಭೌತಶಾಸ್ತ್ರ ಪ್ರವೇಶ ನಿಷೇಧಿಸಿದ ಜಾಗದೊಳಗೂ ಅದು ಸಣ್ಣಗಾಗುತ್ತ, ಸಣ್ಣಗಾಗುತ್ತ ಮುಂದುವರಿಯುತ್ತದೆ. ಗೋಡೆ ದಪ್ಪಗಿದ್ದಷ್ಟೂ, ಕಣದ ಶಕ್ತಿಗಿಂತ ಎತ್ತರವಾಗಿದ್ದಷ್ಟೂ ಬೇಗ ಸಣ್ಣಗಾಗುತ್ತದೆ. ಆದರೆ ಪೂರ್ತಿ ಸೊನ್ನೆಯಾಗುವುದಿಲ್ಲ. ಗೋಡೆಯ ಆಚೆ ಅಲೆಯ ಒಂದು ಎಳೆ ಉಳಿದಿದ್ದರೆ, ಕಣ ಅಲ್ಲಿ ಸಿಗುವ ಸಂಭವವೂ ಅಷ್ಟು ಉಳಿದಿದೆ ಎಂದೇ ಅರ್ಥ. ಕಣವು ಎಲ್ಲಿಂದಲೋ ಶಕ್ತಿಯ ಸಾಲ ಪಡೆದು ಗೋಡೆ ಹತ್ತಿ ಇಳಿದು ಸಾಲ ತೀರಿಸುತ್ತದೆ ಎಂಬ ವಿವರಣೆ ತುಂಬ ಕಡೆ ಕಾಣುತ್ತದೆ. ನಾನದನ್ನು ಒಪ್ಪುವುದಿಲ್ಲ. ಶಕ್ತಿ ಮೊದಲು ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ ಇರುತ್ತದೆ, ಯಾವ ಸಾಲವೂ ಇಲ್ಲ. ಸಾಲದ ಕತೆ ನಂಬಿದರೆ ಗೋಡೆಯ ದಪ್ಪ ಏಕೆ ಅಷ್ಟು ಮುಖ್ಯ ಎಂಬುದೇ ಅರ್ಥವಾಗುವುದಿಲ್ಲ.

ಅದೇ 1928ರ ಬೇಸಿಗೆಯಲ್ಲಿ ಗ್ಯಾಮೊವ್ ಜರ್ಮನಿಯ ಗೋಟಿಂಗೆನ್‌ನಲ್ಲಿದ್ದರು. ಅಲ್ಲಿ ಫ್ರಿಟ್ಜ್ ಹೌಟರ್‌ಮನ್ಸ್ ಪರಿಚಯವಾಯಿತು. ಹೌಟರ್‌ಮನ್ಸ್ ಮತ್ತು ರಾಬರ್ಟ್ ಅಟ್ಕಿನ್‌ಸನ್ ಒಂದು ಸರಳ ಪ್ರಶ್ನೆ ಕೇಳಿಕೊಂಡರು: ಒಳಗಿನಿಂದ ಹೊರಗೆ ಬರಬಹುದಾದರೆ ಹೊರಗಿನಿಂದ ಒಳಗೆ ಹೋಗಬಹುದಲ್ಲವೆ? 1929ರಲ್ಲಿ ಪ್ರಕಟವಾದ ಅವರ ಲೆಕ್ಕ, ನಕ್ಷತ್ರಗಳ ತಾಪದಲ್ಲೇ ಹಗುರ ಬೀಜಗಳು ಪ್ರೋಟಾನ್‌ಗಳನ್ನು ಒಳಗೆಳೆದುಕೊಳ್ಳಬಲ್ಲವು ಎಂದು ತೋರಿಸಿತು. ಭೂಮಿಯ ಮೇಲಿನ ಸಾಕ್ಷಿಗೆ ಮೂರು ವರ್ಷ ಕಾಯಬೇಕಾಯಿತು. 1932ರಲ್ಲಿ ಕೇಂಬ್ರಿಡ್ಜ್‌ನ ಜಾನ್ ಕಾಕ್‌ಕ್ರಾಫ್ಟ್ ಮತ್ತು ಅರ್ನೆಸ್ಟ್ ವಾಲ್ಟನ್ ಪ್ರೋಟಾನ್ ಹೊಡೆದು ಲಿಥಿಯಂ ಬೀಜ ಒಡೆದರು. ಲಿಥಿಯಂನ ತಡೆ 1,000 ಕೆಇವಿ ದಾಟುತ್ತದೆ. ಅವರಿಗೆ ಮೊದಲ ಫಲ ಕಂಡದ್ದು 200 ಕೆಇವಿಗೂ ಕಡಿಮೆಯಲ್ಲಿ. ಪೂರ್ತಿ ಎತ್ತರಕ್ಕೆ ಬೇಕಾಗುವಷ್ಟು ವೋಲ್ಟೇಜ್ ಬೇಕಿಲ್ಲ ಎಂಬ ಧೈರ್ಯ ಅವರಿಗೆ ಬಂದದ್ದೇ ಗ್ಯಾಮೊವ್ ಲೆಕ್ಕದಿಂದ.

ಈಗ ಸೂರ್ಯನ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಸೂತ್ರ ಚಿಕ್ಕದು:

P ≈ exp(−√(E_G / E))

ಇಲ್ಲಿ P ಎಂದರೆ ತಡೆ ದಾಟುವ ಸಂಭವ, E ಎಂದರೆ ಡಿಕ್ಕಿಯ ಶಕ್ತಿ, E_G ಎಂಬುದು ಆ ಜೋಡಿಗೆ ಮೀಸಲಾದ ಒಂದು ಸಂಖ್ಯೆ. ಅದು ವಿದ್ಯುದಂಶಗಳ ಗುಣಲಬ್ಧದ ವರ್ಗ ಮತ್ತು ಜೋಡಿಯ ದ್ರವ್ಯರಾಶಿಯನ್ನು ಅವಲಂಬಿಸುತ್ತದೆ. ಎರಡು ಪ್ರೋಟಾನ್‌ಗಳಿಗೆ ಅದು ಸುಮಾರು 493 ಕೆಇವಿ. ಬೀಜಗಳ ಶಕ್ತಿ ತಡೆಯ ಎತ್ತರಕ್ಕಿಂತ ಬಹಳ ಕಡಿಮೆ ಇದ್ದಾಗ ಮಾತ್ರ ಈ ಸೂತ್ರ ನಂಬಿಕೆಗೆ ಅರ್ಹ. ಸೂರ್ಯನಲ್ಲಿ ಇರುವುದು ಸರಿಯಾಗಿ ಅದೇ ಸ್ಥಿತಿ.

ಮೊದಲು ಸಾಮಾನ್ಯ ಜೋಡಿಯೊಂದನ್ನು ತೆಗೆದುಕೊಳ್ಳಿ, ಶಕ್ತಿ 2 ಕೆಇವಿ. ಹಳೆಯ ಭೌತಶಾಸ್ತ್ರದಂತೆ ಇವು 720 ಫೆಮ್ಟೊಮೀಟರ್ ದೂರದಲ್ಲೇ ನಿಂತು ಹಿಂದಿರುಗಬೇಕು. ಮುಟ್ಟಬೇಕಾದ ದೂರ 2, ನಿಂತದ್ದು 720ರಲ್ಲಿ. ಬಾವಿಯ ಕಟ್ಟೆಯಿಂದ ಎರಡು ಹೆಜ್ಜೆಯವರೆಗೆ ಬರಬೇಕಾದವರು ಏಳುನೂರು ಹೆಜ್ಜೆ ಆಚೆಯೇ ಸುಸ್ತಾಗಿ ಕುಳಿತಂತೆ. ಸೂತ್ರ ಹೇಳುವ ಸಂಭವ 65 ಲಕ್ಷಕ್ಕೆ ಒಂದು. ಕಡಿಮೆಯೇ, ಆದರೆ 230 ಸೊನ್ನೆಗಳ ಮುಂದೆ ಇದು ಧಾರಾಳ.

ಶಕ್ತಿಯನ್ನು 6 ಕೆಇವಿಗೆ ಏರಿಸಿ. ಈಗ ಜೋಡಿ 240 ಫೆಮ್ಟೊಮೀಟರಿನವರೆಗೆ ತಾನೇ ಬರುತ್ತದೆ, ದಾಟಬೇಕಾದ ಗೋಡೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಸಂಭವ 8,700ಕ್ಕೆ ಒಂದು. ಶಕ್ತಿ ಮೂರು ಪಟ್ಟಾದರೆ ಸಂಭವ 700 ಪಟ್ಟಿಗೂ ಮಿಗಿಲಾಗಿ ಏರಿತು. ಕೂಲಂಬ್ ಬೆಟ್ಟ ಬುಡದಲ್ಲಿ ಹರಡಿಕೊಂಡಿದೆ, ಮೇಲೆ ಹೋದಂತೆ ಸಪೂರ. ಸ್ವಲ್ಪ ಮೇಲಿನಿಂದ ಹೊರಟರೆ ದಾಟುವ ದಾರಿಯೂ ಗಿಡ್ಡ, ಉಳಿದ ಎತ್ತರವೂ ಕಡಿಮೆ. ಅದರಿಂದಲೇ ಈ ಕಡಿದಾದ ಏರಿಕೆ. ಇನ್ನೂ ಮೇಲೆ, 20 ಕೆಇವಿಗೆ ಹೋದರೆ ಸಂಭವ 140ಕ್ಕೆ ಒಂದು.

ಹಾಗಿದ್ದರೆ ಸಮ್ಮಿಲನ ಮಾಡಿಸುವವರು 20 ಕೆಇವಿಯ ವೇಗದ ಪ್ರೋಟಾನ್‌ಗಳೇ? ಅಲ್ಲ. ಅವರ ತಲೆಯೆಣಿಕೆಯನ್ನೂ ನೋಡಬೇಕು. ಆ ತಾಪದಲ್ಲಿ ಶಕ್ತಿ ಏರಿದಂತೆ ಕಣಗಳ ಪಾಲು ಹೇಗೆ ಇಳಿಯುತ್ತದೆಂದರೆ, 2 ಕೆಇವಿಗೆ ಸುಮಾರು ನಾಲ್ಕರಲ್ಲಿ ಒಂದು, 6 ಕೆಇವಿಗೆ 85ರಲ್ಲಿ ಒಂದು, 20 ಕೆಇವಿಗೆ 27 ಲಕ್ಷದಲ್ಲಿ ಒಂದು. ದಾಟುವ ಸಂಭವವನ್ನೂ ತಲೆಯೆಣಿಕೆಯನ್ನೂ ಗುಣಿಸಿದರೆ ಗೆಲ್ಲುವುದು 6 ಕೆಇವಿ. ಅದು 2 ಕೆಇವಿಗಿಂತ ಸುಮಾರು 40 ಪಟ್ಟು ಮುಂದೆ, 20 ಕೆಇವಿಗಿಂತ ಸುಮಾರು 500 ಪಟ್ಟು ಮುಂದೆ. ನಿಧಾನದವರು ಲೆಕ್ಕವಿಲ್ಲದಷ್ಟಿದ್ದಾರೆ, ಆದರೆ ದಾಟಲಾರರು. ವೇಗದವರು ದಾಟಬಲ್ಲರು, ಆದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎರಡರ ನಡುವೆ 6 ಕೆಇವಿಯ ಸುತ್ತ ಒಂದು ಕಿಟಕಿ ತೆರೆದಿದೆ. ಅದರ ಹೆಸರು ಗ್ಯಾಮೊವ್ ಶಿಖರ. ಸೂರ್ಯನ ಬೆಳಕೆಲ್ಲ ಹುಟ್ಟುವುದು ಸರಾಸರಿಗಿಂತ ಮೂರು ಪಟ್ಟು ಚುರುಕಾದ, ಆದರೂ ಬೆಟ್ಟದ ಎತ್ತರದ ನೂರರಲ್ಲಿ ಒಂದು ಪಾಲೂ ಇಲ್ಲದ ಈ ಮಧ್ಯಮ ವರ್ಗದ ಪ್ರೋಟಾನ್‌ಗಳಿಂದ. ಆದ್ದರಿಂದ ಉತ್ತರದಲ್ಲಿ ಎರಡು ಸಂಗತಿ ಸೇರಿವೆ: ಟನೆಲಿಂಗ್ ಒಂದು, ವೇಗಗಳ ಹರಹಿನ ಬಾಲ ಇನ್ನೊಂದು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಕತೆ ಅರ್ಧ.

ಇಲ್ಲಿಗೆ ನಿಲ್ಲಿಸಿದರೆ ಓದುಗರಿಗೆ ಒಂದು ತಪ್ಪು ತಿಳಿವಳಿಕೆ ಉಳಿಯುತ್ತದೆ, ಮತ್ತು ಅದು ಬಹಳ ಕಡೆ ಉಳಿದೇ ಇದೆ. ಸೂರ್ಯ ಸಾವಿರ ಕೋಟಿ ವರ್ಷ ಬಾಳುವಷ್ಟು ನಿಧಾನವಾಗಿ ಉರಿಯುವುದು ಟನೆಲಿಂಗ್ ಅಪರೂಪವಾದ್ದರಿಂದ ಎಂದು ಹೇಳುತ್ತಾರೆ. ಮೇಲಿನ ಅಂಕಿಗಳನ್ನೇ ನೋಡಿ: ತಲೆಯೆಣಿಕೆ ಸೇರಿಸಿದ ಮೇಲೂ ಹತ್ತು ಲಕ್ಷಕ್ಕೆ ಒಂದರ ಮಟ್ಟದ ಸಂಭವ. ಪ್ರೋಟಾನ್‌ಗಳು ಆ ಇಕ್ಕಟ್ಟಿನಲ್ಲಿ ಬಿಡುವಿಲ್ಲದೆ ಡಿಕ್ಕಿ ಹೊಡೆಯುತ್ತಿರುತ್ತವೆ. ಗೋಡೆಯೊಂದೇ ಅಡ್ಡಿಯಾಗಿದ್ದರೆ ಸೂರ್ಯನ ಹೈಡ್ರೋಜನ್ ಎಂದೋ ಮುಗಿದಿರುತ್ತಿತ್ತು.

ಇದನ್ನು ಪರೀಕ್ಷಿಸಲು ಸೂರ್ಯನೊಳಗೇ ಒಂದು ಅಚ್ಚುಕಟ್ಟಾದ ಹೋಲಿಕೆ ಸಿಗುತ್ತದೆ. ಸಮ್ಮಿಲನದ ಮೊದಲ ಹೆಜ್ಜೆಯಲ್ಲಿ ಎರಡು ಪ್ರೋಟಾನ್ ಸೇರಿ, ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಇರುವ ಭಾರ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ ಆಗುತ್ತದೆ. ಎರಡನೆಯ ಹೆಜ್ಜೆಯಲ್ಲಿ ಆ ಡ್ಯೂಟೀರಿಯಂಗೆ ಇನ್ನೊಂದು ಪ್ರೋಟಾನ್ ಸೇರಿ ಹೀಲಿಯಂ 3 ಆಗುತ್ತದೆ. ಎರಡೂ ಕಡೆ ವಿದ್ಯುದಂಶ ಒಂದಕ್ಕೆ ಒಂದು, ಬೆಟ್ಟವೂ ಹೆಚ್ಚು ಕಡಿಮೆ ಅದೇ. ನಿಜ ಹೇಳಬೇಕೆಂದರೆ ಡ್ಯೂಟೀರಿಯಂ ಭಾರವಾದ್ದರಿಂದ ಎರಡನೆಯ ಹೆಜ್ಜೆಯ ಟನೆಲಿಂಗ್ ಸ್ವಲ್ಪ ಕಷ್ಟವೇ, E_G 493ರ ಬದಲು ಸುಮಾರು 657. ಆದರೆ ಕಾಲ ನೋಡಿ. ಸೂರ್ಯನ ನಡುವಿನಲ್ಲಿ ಒಂದು ಪ್ರೋಟಾನ್ ಇನ್ನೊಂದು ಪ್ರೋಟಾನ್ ಜತೆ ಸೇರಲು ಸರಾಸರಿ ಸುಮಾರು ಸಾವಿರ ಕೋಟಿ ವರ್ಷ ಕಾಯುತ್ತದೆ. ಹುಟ್ಟಿದ ಡ್ಯೂಟೀರಿಯಂ ಮುಂದಿನ ಪ್ರೋಟಾನ್ ಹಿಡಿಯಲು ಕಾಯುವುದು ಕೆಲವೇ ಸೆಕೆಂಡು. ಒಂದೇ ಗೋಡೆ, ಒಂದೇ ತಾಪ, ಆದರೂ ಒಂದು ಕಡೆ ಸೆಕೆಂಡು, ಇನ್ನೊಂದು ಕಡೆ ವಿಶ್ವದ ವಯಸ್ಸಿಗೆ ಹತ್ತಿರ.

ವ್ಯತ್ಯಾಸ ಇರುವುದು ಗೋಡೆಯ ಆಚೆ. ಎರಡು ಪ್ರೋಟಾನ್‌ಗಳು ಗೋಡೆ ದಾಟಿ ಬಾವಿಗೆ ಇಳಿದರೂ ಅಲ್ಲಿ ನಿಲ್ಲಲಾರವು. ಬರೀ ಎರಡು ಪ್ರೋಟಾನ್‌ಗಳ ಬೀಜ ಎಂಬುದು ಸ್ಥಿರವಾಗಿ ಇರುವುದೇ ಇಲ್ಲ, ಬೈಜಿಕ ಬಲದ ಎಳೆತ ಅದಕ್ಕೆ ಕೂದಲೆಳೆಯಷ್ಟು ಸಾಲದು. ಅವು ಮರಳಿ ಬೇರೆಯಾಗುತ್ತವೆ. ಸಮ್ಮಿಲನ ಆಗಬೇಕಾದರೆ, ಅವು ಜತೆಯಲ್ಲಿರುವ ಆ ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಚಿಕ್ಕ ಗಳಿಗೆಯಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾಗಬೇಕು, ಪಾಸಿಟ್ರಾನ್ ಮತ್ತು ನ್ಯೂಟ್ರಿನೊ ಎಂಬ ಹಗುರ ಕಣಗಳು ಹೊರಬೀಳಬೇಕು. ಆ ಬದಲಾವಣೆ ದುರ್ಬಲ ಬಲದ ಕೆಲಸ, ಹೆಸರಿಗೆ ತಕ್ಕಂತೆ ಅದು ನಿಧಾನ. ಬೆಟ್ಟದ ಪಾಲನ್ನು ಬದಿಗಿಟ್ಟು ಉಳಿದ ಬೈಜಿಕ ಭಾಗವನ್ನಷ್ಟೇ ಹೋಲಿಸಿದರೆ ಎರಡನೆಯ ಹೆಜ್ಜೆ ಮೊದಲನೆಯದಕ್ಕಿಂತ 5ರ ಮುಂದೆ 17 ಸೊನ್ನೆಯಷ್ಟು ಪಟ್ಟು ಸುಲಭ. ಸಾವಿರ ಕೋಟಿ ವರ್ಷವನ್ನು ಸೆಕೆಂಡಿಗೆ ಇಳಿಸಿದರೆ ಸಿಗುವುದು 3ರ ಮುಂದೆ 17 ಸೊನ್ನೆ. ಎರಡೂ ಒಂದಕ್ಕೊಂದು ಕೂಡಿಬರುವುದನ್ನು ಕಾಣುವಾಗ ನನಗೆ ಇಂದಿಗೂ ಸಂತೋಷವಾಗುತ್ತದೆ. ಈ ಮೊದಲ ಹೆಜ್ಜೆಯ ಲೆಕ್ಕವನ್ನು 1938ರಲ್ಲಿ ಹ್ಯಾನ್ಸ್ ಬೆಥೆ ಮತ್ತು ಚಾರ್ಲ್ಸ್ ಕ್ರಿಚ್‌ಫೀಲ್ಡ್ ಮಾಡಿದರು. ಟನೆಲಿಂಗ್ ಬಾಗಿಲು ತೆರೆಯುತ್ತದೆ, ಒಳಗೆ ಎಷ್ಟು ಬೇಗ ಕೆಲಸವಾಗಬೇಕೆಂದು ದುರ್ಬಲ ಬಲ ತೀರ್ಮಾನಿಸುತ್ತದೆ.

ಬೆಟ್ಟ ಹೆಚ್ಚು ಎತ್ತರವಾದರೆ ಏನಾಗುತ್ತದೆ ಎಂಬುದಕ್ಕೂ ಸೂರ್ಯನೊಳಗೇ ಉದಾಹರಣೆಯಿದೆ. ಇಂಗಾಲ, ಸಾರಜನಕ, ಆಮ್ಲಜನಕಗಳನ್ನು ಮಧ್ಯವರ್ತಿಗಳಾಗಿ ಬಳಸುವ ಇನ್ನೊಂದು ಸಮ್ಮಿಲನ ಚಕ್ರದಲ್ಲಿ ಪ್ರೋಟಾನ್ ಸಾರಜನಕದ ಬೀಜಕ್ಕೆ ಹೊಗಬೇಕು. ಸಾರಜನಕದ ವಿದ್ಯುದಂಶ 7. ಗ್ಯಾಮೊವ್ ಶಿಖರ 6ರಿಂದ ಸುಮಾರು 27 ಕೆಇವಿಗೆ ಏರುತ್ತದೆ, ಸಂಭವ ಪಾತಾಳಕ್ಕೆ ಇಳಿಯುತ್ತದೆ, ತಾಪದ ಮೇಲಿನ ಅವಲಂಬನೆ ಭಯಂಕರವಾಗುತ್ತದೆ. ಪ್ರೋಟಾನ್‌ಗಳ ನೇರ ಸರಣಿಯ ವೇಗ ತಾಪದ ಸುಮಾರು ನಾಲ್ಕನೇ ಘಾತದಂತೆ ಏರಿದರೆ, ಇದು ಇಪ್ಪತ್ತನೇ ಘಾತದಂತೆ ಏರುತ್ತದೆ. ತಾಪ ಶೇಕಡಾ 10 ಏರಿದರೆ ಮೊದಲನೆಯದು ಒಂದೂವರೆ ಪಟ್ಟಿನಷ್ಟಾಗುತ್ತದೆ, ಎರಡನೆಯದು ಆರೂವರೆ ಪಟ್ಟು ದಾಟುತ್ತದೆ. ಸೂರ್ಯನಲ್ಲಿ ಈ ಚಕ್ರದ ಪಾಲು ಶೇಕಡಾ ಒಂದರ ಆಸುಪಾಸು ಮಾತ್ರ. ಸೂರ್ಯನಿಗಿಂತ ಸ್ವಲ್ಪ ಭಾರವಾದ, ಒಳಗೆ ಹತ್ತಾರು ಲಕ್ಷ ಡಿಗ್ರಿ ಹೆಚ್ಚು ಬಿಸಿಯಾದ ನಕ್ಷತ್ರಗಳಲ್ಲಿ ಅದೇ ಮುಖ್ಯ ಒಲೆ.

ಇದನ್ನೆಲ್ಲ ನಂಬುವುದು ಹೇಗೆ? ಎರಡು ಪ್ರೋಟಾನ್‌ಗಳ ಮೊದಲ ಹೆಜ್ಜೆಯನ್ನು ಸೂರ್ಯನ ಶಕ್ತಿಯಲ್ಲಿ ಪ್ರಯೋಗಾಲಯದಲ್ಲಿ ಅಳೆಯಲು ಯಾರಿಂದಲೂ ಆಗಿಲ್ಲ, ದುರ್ಬಲ ಬಲ ಅದನ್ನು ಅಷ್ಟು ಅಪರೂಪ ಮಾಡಿಬಿಟ್ಟಿದೆ. ಅದರ ವೇಗ ಲೆಕ್ಕದಿಂದ ಬಂದದ್ದು. ಆದರೆ ಸರಣಿಯ ಮುಂದಿನ ಹೆಜ್ಜೆಗಳನ್ನು ಅಳೆದಿದ್ದಾರೆ. ಇಟಲಿಯ ಗ್ರಾನ್ ಸಾಸೊ ಪರ್ವತದ ಕೆಳಗೆ, 1,400 ಮೀಟರ್ ಬಂಡೆಯ ಅಡಿಯಲ್ಲಿ ‘ಲೂನಾ’ ಎಂಬ ಪುಟ್ಟ ವೇಗವರ್ಧಕ ಇದೆ. ನೆಲದ ಮೇಲೆ ವಿಶ್ವಕಿರಣಗಳು ಸುರಿಯುತ್ತಲೇ ಇರುವುದರಿಂದ ಅಪರೂಪದ ಘಟನೆ ಅದರಲ್ಲಿ ಮುಳುಗಿಹೋಗುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳಕ್ಕೆ ವಿಜ್ಞಾನಿಗಳು ಇಳಿದು 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಹಿಡಿದದ್ದೂ ಇದೇ ಕಾರಣಕ್ಕೆ. ಲೂನಾ ತಂಡ ಎರಡು ಹೀಲಿಯಂ 3 ಬೀಜಗಳ ಸಮ್ಮಿಲನವನ್ನು 16.5 ಕೆಇವಿವರೆಗೆ ಇಳಿದು ಅಳೆಯಿತು. ಆ ಜೋಡಿಗೆ ಸೂರ್ಯನಲ್ಲಿ ಗ್ಯಾಮೊವ್ ಶಿಖರ ಇರುವುದು 22 ಕೆಇವಿಯಲ್ಲಿ, ಆದ್ದರಿಂದ ಇದು ಸೂರ್ಯನ ಕಿಟಕಿಯೊಳಗಿನ ನೇರ ಅಳತೆ. ಅತಿ ಕಡಿಮೆ ಶಕ್ತಿಯಲ್ಲಿ ಅವರಿಗೆ ಸಿಕ್ಕದ್ದು ತಿಂಗಳಿಗೆ ಸುಮಾರು ಎರಡು ಘಟನೆ.

ಇಂಥ ಅಳತೆಯಲ್ಲಿ ಒಂದು ಮೋಸವೂ ಕಾದಿರುತ್ತದೆ. ಪ್ರಯೋಗಾಲಯದ ಗುರಿ ಬರೀ ಬೀಜವಲ್ಲ, ಎಲೆಕ್ಟ್ರಾನ್‌ಗಳನ್ನು ಹೊದ್ದ ಪರಮಾಣು. ಆ ಋಣ ವಿದ್ಯುದಂಶದ ಹೊದಿಕೆ ದೂಡುವಿಕೆಯನ್ನು ಸ್ವಲ್ಪ ಮರೆಮಾಡಿ ಬೆಟ್ಟವನ್ನು ತುಸು ತಗ್ಗಿಸುತ್ತದೆ. ಸಂಭವ ಶಕ್ತಿಯ ಮೇಲೆ ಅಷ್ಟು ಕಡಿದಾಗಿ ಅವಲಂಬಿಸುವಾಗ ತುಸು ತಗ್ಗಿದರೂ ಫಲಿತಾಂಶ ಎದ್ದು ಕಾಣುವಷ್ಟು ಏರುತ್ತದೆ. ಪತ್ತೆ ಹಚ್ಚುವುದು ಹೀಗೆ: ಹೆಚ್ಚಿನ ಶಕ್ತಿಯ ಅಳತೆಗಳಿಂದ ಬಂದ ಗೆರೆಯನ್ನು ಕೆಳಕ್ಕೆ ಎಳೆಯುತ್ತಾರೆ. ತೀರಾ ಕೆಳಗೆ ಅಳತೆಯ ಬಿಂದುಗಳು ಆ ಗೆರೆಗಿಂತ ಮೇಲಕ್ಕೆ ಬಾಗಿದರೆ ಅದು ಬೀಜದ ಗುಣವಲ್ಲ, ಎಲೆಕ್ಟ್ರಾನ್‌ಗಳ ಕೈವಾಡ. ಸೂರ್ಯನಲ್ಲೂ ಇಂಥ ಮರೆಯಿದೆ, ಆದರೆ ಅಲ್ಲಿ ಬಿಡಿ ಎಲೆಕ್ಟ್ರಾನ್‌ಗಳ ಕಡಲು. ಪ್ರೋಟಾನ್ ಜೋಡಿಗೆ ಅದು ವೇಗವನ್ನು ಶೇಕಡಾ 5ರಷ್ಟು ಹೆಚ್ಚಿಸುತ್ತದೆ. ಹೀಗಾಗಿ ಪ್ರಯೋಗಾಲಯದ ಮರೆಯನ್ನು ಕಳೆದು ಸೂರ್ಯನ ಮರೆಯನ್ನು ಕೂಡಿಸಬೇಕು.

ಮೊದಲ ಹೆಜ್ಜೆಗೂ ಕೊನೆಗೆ ಸಾಕ್ಷಿ ಸಿಕ್ಕಿತು, ಅದೂ ಸೂರ್ಯನಿಂದಲೇ. ಎರಡು ಪ್ರೋಟಾನ್ ಸೇರುವಾಗ ಹೊರಡುವ ನ್ಯೂಟ್ರಿನೊಗಳನ್ನು ಗ್ರಾನ್ ಸಾಸೊದ ಇನ್ನೊಂದು ಪ್ರಯೋಗ ‘ಬೊರೆಕ್ಸಿನೊ’ ನೇರವಾಗಿ ಹಿಡಿದು 2014ರಲ್ಲಿ ಪ್ರಕಟಿಸಿತು. ಎಂಟು ನಿಮಿಷದ ಹಿಂದೆ ಸೂರ್ಯನ ಒಡಲಲ್ಲಿ ಎಷ್ಟು ಜೋಡಿ ಸೇರಿದವು ಎಂಬುದರ ಎಣಿಕೆ ಅದು, ಮತ್ತು ಆ ಎಣಿಕೆ ಸೂರ್ಯನ ಬೆಳಕಿನ ಲೆಕ್ಕದೊಂದಿಗೆ ಅಳತೆಯ ಮಿತಿಯೊಳಗೆ ಹೊಂದಿತು. ಸಾರಜನಕದ ಚಕ್ರದ ನ್ಯೂಟ್ರಿನೊಗಳನ್ನು ಅದೇ ತಂಡ 2020ರಲ್ಲಿ ಹಿಡಿಯಿತು.

ಈಗ ಹೆಫೆ ಮತ್ತು ಇಟರ್ ಕಡೆಗೆ ಮರಳೋಣ. ಸೂರ್ಯನ ನಡುವಿನಲ್ಲಿ ಒಂದು ಘನ ಮೀಟರ್ ಜಾಗದಿಂದ ಹುಟ್ಟುವ ಶಕ್ತಿ ಮುನ್ನೂರು ವ್ಯಾಟ್ ಕೂಡ ಇಲ್ಲ. ನೂರು ವ್ಯಾಟಿನ ಹಳೆಯ ಬಲ್ಬು ಮೂರರಷ್ಟು, ಅದೂ ನೀರಿಗಿಂತ 150 ಪಟ್ಟು ಸಾಂದ್ರವಾದ ಪ್ಲಾಸ್ಮಾದಿಂದ. ಸೂರ್ಯ ಬೃಹತ್ತಾದ್ದರಿಂದ ಅಷ್ಟೇ ಸಾಕಾಗುತ್ತದೆ. ನಾವು ಆ ವಿಧಾನವನ್ನೇ ನಕಲು ಮಾಡಿದರೆ ಒಂದು ಘನ ಮೀಟರಿನ ಯಂತ್ರದಿಂದ ಒಂದು ಮಿಕ್ಸಿ ಓಡಿಸುವುದೂ ಕಷ್ಟ. ಅದಕ್ಕೇ ಮೊದಲು ಇಂಧನ ಬದಲಿಸುತ್ತಾರೆ. ಡ್ಯೂಟೀರಿಯಂ ಮತ್ತು ಹೈಡ್ರೋಜನ್ನಿನ ಇನ್ನೂ ಭಾರವಾದ ರೂಪ ಟ್ರಿಟಿಯಂಗಳಲ್ಲಿ ನ್ಯೂಟ್ರಾನ್‌ಗಳು ಮೊದಲೇ ಇವೆ, ಆದ್ದರಿಂದ ದುರ್ಬಲ ಬಲದ ದಾರಿ ಕಾಯಬೇಕಿಲ್ಲ. ಬೆಟ್ಟ ಬಿಟ್ಟು ಉಳಿದ ಭಾಗದಲ್ಲಿ ಈ ಜೋಡಿ ಸೂರ್ಯನ ಜೋಡಿಗಿಂತ 1ರ ಮುಂದೆ 25 ಸೊನ್ನೆಯಷ್ಟು ಪಟ್ಟು ಚುರುಕು.

ಅಷ್ಟು ಚುರುಕಾದ ಮೇಲೂ ಹದಿನೈದು ಕೋಟಿ ಡಿಗ್ರಿ ಏಕೆಂದರೆ, ನಮ್ಮ ಪ್ಲಾಸ್ಮಾ ತೀರಾ ತೆಳು. ಟೋಕಮಾಕ್‌ನೊಳಗೆ ಒಂದು ಘನ ಮೀಟರಿಗೆ ಇರುವ ಕಣಗಳು ಸೂರ್ಯನ ಗರ್ಭದಲ್ಲಿರುವುದಕ್ಕಿಂತ ಹತ್ತಾರು ಸಾವಿರ ಕೋಟಿ ಪಟ್ಟು ಕಡಿಮೆ. ಸೂರ್ಯನ ಶಾಖ ಹೊರಬರಲು ಸಹಸ್ರಾರು ವರ್ಷ ತಗಲುತ್ತದೆ, ಕಾಂತಕ್ಷೇತ್ರದ ಬುಟ್ಟಿಯಿಂದ ಅದು ಸೆಕೆಂಡುಗಳಲ್ಲಿ ಸೋರಿಹೋಗುತ್ತದೆ. ಸೋರುವುದಕ್ಕಿಂತ ಬೇಗ ಹುಟ್ಟಿಸಬೇಕಾದರೆ ಪ್ರತಿ ಡಿಕ್ಕಿಯ ಫಲ ಏರಲೇಬೇಕು. ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರುವ ವೇಗ ಸೂರ್ಯನ ತಾಪದಿಂದ ಹದಿನೈದು ಕೋಟಿಗೆ ಹೋಗುವಾಗ ಸಾವಿರಾರು ಪಟ್ಟು ಏರುತ್ತದೆ. ಅದಕ್ಕಾಗಿಯೇ ಅಷ್ಟು ಶಾಖ. ಅಂದಹಾಗೆ 2025ರ ಈಸ್ಟ್ ದಾಖಲೆಯಲ್ಲಿ ಸಮ್ಮಿಲನದಿಂದ ವಿದ್ಯುತ್ತೇನೂ ಬಂದಿಲ್ಲ. ಅಷ್ಟು ಬಿಸಿ ಪ್ಲಾಸ್ಮಾವನ್ನು ಎಷ್ಟು ಹೊತ್ತು ಸ್ಥಿರವಾಗಿ ಹಿಡಿದಿಡಬಹುದು ಎಂಬುದರ ಪರೀಕ್ಷೆ ಅದಾಗಿತ್ತು.

ಹದಿನೈದು ಕೋಟಿ ಡಿಗ್ರಿಯಲ್ಲಾದರೂ ಬೀಜಗಳು ಬೆಟ್ಟ ಹತ್ತಿ ಹೋಗುತ್ತವೆಯೇ? ಈ ಜೋಡಿಯ ಬೆಟ್ಟದ ಎತ್ತರ ಸುಮಾರು 400 ಕೆಇವಿ. ಆ ತಾಪದಲ್ಲಿ ಕಣದ ಸರಾಸರಿ ಶಕ್ತಿ ಸುಮಾರು 20 ಕೆಇವಿ, ಮೇಲಿನ ಸೂತ್ರದಂತೆ ಗ್ಯಾಮೊವ್ ಶಿಖರ ಇರುವುದು 37 ಕೆಇವಿಯ ಹತ್ತಿರ. ಎತ್ತರದ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಇಟರ್‌ನಲ್ಲಿ ಮುಂದೊಂದು ದಿನ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರಿದಾಗಲೂ ಅವು ಬೆಟ್ಟದ ನೆತ್ತಿ ಕಂಡಿರುವುದಿಲ್ಲ. ಒಂದೂವರೆ ಕೋಟಿ ಡಿಗ್ರಿಯಲ್ಲಿ ಸೂರ್ಯನ ಪ್ರೋಟಾನ್‌ಗಳು ಹೋದ ದಾರಿಯಲ್ಲೇ, ತುಸು ಮೇಲಿನ ತಿರುವಿನಿಂದ, ಒಳಗೆ ಹೋಗಿರುತ್ತವೆ.